ಮಾಲು ಕಡಿಮೆ ಬಂದಾಗ: ಎಣಿಕೆಯಿಂದ ಬಾಕಿ ಕೈಸೇರುವವರೆಗೆ

‘ಮಾಲು ಕಡಿಮೆ ಬಂದಿದೆ, ಬಾಕಿ ಬೇಗ ಕಳಿಸಿಕೊಡಿ’ ಎಂದಷ್ಟೇ ಬರೆದರೆ ಸರಬರಾಜುದಾರರಿಂದ ಬರುವ ಉತ್ತರ ಬಹುಪಾಲು ಒಂದೇ: ‘ನಮ್ಮ ಕಡೆಯಿಂದ ಪೂರ್ತಿ ಹೋಗಿದೆ, ಇನ್ನೊಂದು ಸಲ ಎಣಿಸಿ ನೋಡಿ.’ ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ನೀವು ಬರೆದ ಸಾಲಿನಿಂದ ಯಾವುದಕ್ಕಿಂತ ಕಡಿಮೆ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಆರ್ಡರ್‌ಗಿಂತ ಕಡಿಮೆಯೋ, ಬಿಲ್ಲಿಗಿಂತ ಕಡಿಮೆಯೋ, ಲಾರಿಗೆ ಹತ್ತಿಸಿದ್ದಕ್ಕಿಂತ ಕಡಿಮೆಯೋ? ಒಂದೊಂದಕ್ಕೂ ಉತ್ತರ ಕೊಡಬೇಕಾದವರು ಬೇರೆ. ಮೊದಲನೆಯದಾದರೆ ಮಾರಾಟ ವಿಭಾಗ, ಎರಡನೆಯದಾದರೆ ಬಿಲ್ಲಿಂಗ್ ಅಥವಾ ಗೋಡೌನ್, ಮೂರನೆಯದಾದರೆ ಸಾಗಣೆದಾರ. ಹೀಗಾಗಿ ಪತ್ರ ಬರೆಯುವ ಮುಂಚೆ, ಯಾವ ಎರಡು ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದನ್ನು ನೀವೇ ಹುಡುಕಿ ಇಟ್ಟುಕೊಂಡಿರಬೇಕು. ಆಮೇಲಿನ ಕೆಲಸ ಸುಲಭ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಲೆಕ್ಕ ಇಟ್ಟುಕೊಳ್ಳೋಣ. ನೀವು 9 ವ್ಯಾಟಿನ ಎಲ್‌ಇಡಿ ಬಲ್ಬ್ 1,000, 12 ವ್ಯಾಟಿನದು 500 ಆರ್ಡರ್ ಮಾಡಿದ್ದೀರಿ. ಒಂದು ಪೆಟ್ಟಿಗೆಗೆ 50. ಅಂದರೆ 9 ವ್ಯಾಟಿನದು 20 ಪೆಟ್ಟಿಗೆ, 12 ವ್ಯಾಟಿನದು 10, ಒಟ್ಟು 30. ಪೆಟ್ಟಿಗೆಗಳ ಮೇಲೆ 1/30, 2/30 ಎಂದು ಕೊನೆಯವರೆಗೆ ಕ್ರಮಸಂಖ್ಯೆ ಇದೆ. ಇಳಿಸಿಕೊಂಡು ಎಣಿಸಿದರೆ ಪೆಟ್ಟಿಗೆಗಳು 29. ಆಮೇಲೆ ಒಳಗೆ ನೋಡಿದರೆ ಒಂದು ಪೆಟ್ಟಿಗೆಯಲ್ಲಿ 38 ಬಲ್ಬ್ ಮಾತ್ರ. ಒಂದೇ ಲೋಡಿನಲ್ಲಿ ಎರಡು ಬಗೆಯ ಕೊರತೆ: ಒಂದು ಕಣ್ಣಿಗೆ ಕಾಣುವಂಥದ್ದು, ಇನ್ನೊಂದು ಪೆಟ್ಟಿಗೆಯೊಳಗೆ ಅಡಗಿರುವಂಥದ್ದು. ಎರಡಕ್ಕೂ ಸಾಕ್ಷಿ ಬೇರೆ, ಗಡುವು ಬೇರೆ.

1. ಗಾಡಿ ಬಾಗಿಲಲ್ಲಿ ಇರುವಾಗಲೇ

ಪೆಟ್ಟಿಗೆಯ ಎಣಿಕೆ ಗಾಡಿ ಹೊರಡುವ ಮುಂಚೆಯೇ ಮುಗಿಯಬೇಕು. ಚಾಲಕ ಸಹಿ ಹಾಕಿಸಿಕೊಳ್ಳುವ ಪ್ರತಿಯಲ್ಲಿ ನೀವು ಏನೂ ಬರೆಯದೆ ಸಹಿ ಮಾಡಿದರೆ ‘30 ಪೆಟ್ಟಿಗೆ ಸರಿಯಾಗಿ ತಲುಪಿದೆ’ ಎಂದು ಒಪ್ಪಿಕೊಂಡಂತೆ. ಮುಂದೆ ಎಷ್ಟೇ ವಾದಿಸಿದರೂ ಎದುರಿನವರು ಮೊದಲು ತೋರಿಸುವುದು ಆ ಸಹಿಯನ್ನೇ.

ಎಣಿಸುವಾಗ ಒಟ್ಟು ಸಂಖ್ಯೆಯ ಜೊತೆಗೆ ಕ್ರಮಸಂಖ್ಯೆಯನ್ನೂ ಗುರುತು ಹಾಕಿಕೊಳ್ಳುತ್ತ ಬನ್ನಿ. ‘ಒಂದು ಪೆಟ್ಟಿಗೆ ಇಲ್ಲ’ ಅನ್ನುವುದಕ್ಕೂ ‘17/30 ಇಲ್ಲ’ ಅನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಸಂಖ್ಯೆ ಹೇಳಿದರೆ ಸಾಗಣೆದಾರರು ತಮ್ಮ ಗೋಡೌನಿನಲ್ಲಿ ಅದನ್ನೇ ಹುಡುಕಬಹುದು, ಸರಬರಾಜುದಾರರು ಅದರೊಳಗೆ ಏನಿತ್ತು ಎಂದು ಪ್ಯಾಕಿಂಗ್ ಲಿಸ್ಟ್ ನೋಡಿ ಹೇಳಬಹುದು. ನಮ್ಮ ಲೆಕ್ಕದಲ್ಲಿ 17 ಎಂದರೆ 9 ವ್ಯಾಟಿನ ಪೆಟ್ಟಿಗೆ.

ಚಾಲಕನ ಪ್ರತಿಯಲ್ಲೂ ನಿಮ್ಮ ಪ್ರತಿಯಲ್ಲೂ ಹೀಗೆ ಬರೆಯಿರಿ: ‘30ರ ಬದಲು 29 ಪೆಟ್ಟಿಗೆ ಬಂದಿದೆ. 17/30 ಬಂದಿಲ್ಲ. 26/30ರ ಟೇಪ್ ಮೇಲೆ ಇನ್ನೊಂದು ಟೇಪ್ ಅಂಟಿಸಿದೆ.’ ಕೆಳಗೆ ತಾರೀಕು, ಗಂಟೆ, ಗಾಡಿ ನಂಬರ್, ನಿಮ್ಮ ಸಹಿ, ಚಾಲಕನ ಸಹಿ. ‘ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ’ ಎಂಬ ರಬ್ಬರ್ ಸ್ಟಾಂಪ್ ಒತ್ತಿ ಸುಮ್ಮನಾಗುವವರು ತುಂಬ. ನನ್ನ ಮಟ್ಟಿಗೆ ಅದು ಇದ್ದೂ ಇಲ್ಲದಂತೆ, ಏಕೆಂದರೆ ಏನು ಕಡಿಮೆ, ಎಷ್ಟು ಕಡಿಮೆ ಎಂಬುದನ್ನು ಅದು ಹೇಳುವುದೇ ಇಲ್ಲ.

ಚಾಲಕ ಸಹಿ ಹಾಕುವುದಿಲ್ಲ ಎಂದರೆ ಜಗಳ ಬೇಡ. ‘ಚಾಲಕ ಸಹಿ ನಿರಾಕರಿಸಿದರು’ ಎಂದು ಬರೆದು, ಅವನ ಎದುರಲ್ಲೇ ಸಾಗಣೆ ಕಚೇರಿಗೆ ಫೋನ್ ಮಾಡಿ, ಆ ಪ್ರತಿಯ ಫೋಟೋವನ್ನು ಅದೇ ದಿನ ಇಮೇಲ್ ಮಾಡಿ. ಬೀಗಮುದ್ರೆ ಹಾಕಿದ ಕಂಟೇನರ್ ಆದರೆ ಮುದ್ರೆ ಒಡೆಯುವ ಮುಂಚೆ ಅದರ ನಂಬರ್ ಕಾಗದದಲ್ಲಿರುವ ನಂಬರಿಗೆ ಹೊಂದುತ್ತದೆಯೇ ನೋಡಿ, ಫೋಟೋ ತೆಗೆಯಿರಿ. ಮುದ್ರೆ ಸರಿಯಿದ್ದು ಒಳಗೆ ಪೆಟ್ಟಿಗೆ ಕಡಿಮೆಯಿದ್ದರೆ ಅನುಮಾನ ಲೋಡ್ ಮಾಡಿದ ಜಾಗದತ್ತ ತಿರುಗುತ್ತದೆ. ಮುದ್ರೆ ಬದಲಾಗಿದ್ದರೆ ದಾರಿಯತ್ತ.

2. ಪೆಟ್ಟಿಗೆ ತೆರೆಯುವಾಗ

ಅನುಮಾನ ಬಂದ ಪೆಟ್ಟಿಗೆಯನ್ನು ತಕ್ಷಣ ಕತ್ತರಿಸಬೇಡಿ. ಮೊದಲು ತೂಗಿ. ಒಳಗಿನ ಕೊರತೆಗೆ ತೂಕದಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ, ಆದರೂ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ನಮ್ಮ 26/30ರ ಮೇಲೆ ಒಟ್ಟು ತೂಕ 5.5 ಕಿಲೋ ಎಂದು ಅಚ್ಚಾಗಿದೆ. ತಕ್ಕಡಿ ತೋರಿಸುವುದು 4.3 ಕಿಲೋ. 1.2 ಕಿಲೋ ಕಡಿಮೆ. ತುಂಬಿದ ಇನ್ನೊಂದು ಪೆಟ್ಟಿಗೆಯಿಂದ ಒಂದು ಬಲ್ಬನ್ನು ಅದರ ಪುಟ್ಟ ಡಬ್ಬಿಯ ಸಮೇತ ತೂಗಿದರೆ 100 ಗ್ರಾಂ. ಹಾಗಾದರೆ 12 ಬಲ್ಬ್ ಇಲ್ಲ. ತೆರೆದು ಎಣಿಸಿದಾಗ 38 ಸಿಕ್ಕಿತು, ಅಂದರೆ 12 ಕೊರತೆ. ತೂಕವೂ ಎಣಿಕೆಯೂ ಒಂದೇ ಮಾತು ಹೇಳಿದ ಮೇಲೆ ‘ಸರಿಯಾಗಿ ಎಣಿಸಿಲ್ಲ’ ಎಂಬ ತಕರಾರಿಗೆ ಜಾಗ ಉಳಿಯುವುದಿಲ್ಲ.

ಇನ್ನೊಂದು ಸಂಗತಿ ಟೇಪ್. ನಮ್ಮ ಪೆಟ್ಟಿಗೆಗಳಿಗೆಲ್ಲ ತಯಾರಕರ ಹೆಸರು ಅಚ್ಚಾದ ಟೇಪ್ ಇದೆ, 26ರ ಮೇಲೆ ಮಾತ್ರ ಅದರ ಮೇಲೊಂದು ಬರಿಯ ಕಂದು ಟೇಪ್. ಕೆಳಗಿನ ಟೇಪ್ ನಡುವೆ ಸೀಳಿದೆ. ಕಾರ್ಖಾನೆಯಲ್ಲೇ ಕಡಿಮೆ ತುಂಬಿದ್ದರೆ ಟೇಪ್ ಸಾಮಾನ್ಯವಾಗಿ ಒಂದೇ ಪದರ ಇರುತ್ತದೆ. ದಾರಿಯಲ್ಲಿ ಕೈಹಾಕಿದ್ದರೆ ಮೇಲಿನ ಸಾಲು ಖಾಲಿ, ಕೆಳಗಿನ ಸಾಲುಗಳು ಮುಟ್ಟಿದಂತಿಲ್ಲ ಎಂಬ ಸ್ಥಿತಿ ಕಾಣುತ್ತದೆ. ಇದನ್ನು ನೀವು ತೀರ್ಪಿನಂತೆ ಹೇಳಬೇಕಾಗಿಲ್ಲ, ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ತಕ್ಕಡಿಯ ಅಂಕಿ ಮತ್ತು ಪೆಟ್ಟಿಗೆಯ ಲೇಬಲ್ ಒಂದೇ ಚಿತ್ರದಲ್ಲಿ ಬರುವಂತೆ ಒಂದು ಫೋಟೋ, ಟೇಪಿನದು ಒಂದು, ತೆರೆದ ಕೂಡಲೇ ಒಳಗಿನದು ಒಂದು. ಎಣಿಸುವಾಗ ಇಬ್ಬರಿರಲಿ, ಇಬ್ಬರೂ ಎಣಿಕೆ ಚೀಟಿಗೆ ಸಹಿ ಹಾಕಲಿ. ವ್ಯವಹಾರ ಮುಗಿಯುವವರೆಗೆ ಆ ಪೆಟ್ಟಿಗೆಯನ್ನು ರದ್ದಿಗೆ ಹಾಕಬೇಡಿ.

ಕಡಿಮೆ ಎಂದು ನಿಶ್ಚಯಿಸುವ ಮುಂಚೆ ನಿಮ್ಮದೇ ಅಂಗಳವನ್ನೂ ನೋಡಿ. 9 ವ್ಯಾಟಿನ ಬಲ್ಬುಗಳು 12ರ ಪೆಟ್ಟಿಗೆಯಲ್ಲಿ ಸೇರಿರಬಹುದು, ಒಂದು ಪೆಟ್ಟಿಗೆ ನಿಮ್ಮ ಇನ್ನೊಂದು ಶಾಖೆಯಲ್ಲಿ ಇಳಿದಿರಬಹುದು, ಉಳಿದದ್ದು ಎರಡನೇ ಗಾಡಿಯಲ್ಲಿ ಬರುತ್ತಿರಬಹುದು. ಅಳತೆಯ ಘಟಕವೂ ಆಗಾಗ ಮೋಸ ಮಾಡುತ್ತದೆ. ಆರ್ಡರಿನಲ್ಲಿ ‘10’ ಎಂದಿದ್ದು, ನಿಮ್ಮ ಮನಸ್ಸಿನಲ್ಲಿ ಹತ್ತು ಗ್ರೋಸ್, ಅವರ ಮನಸ್ಸಿನಲ್ಲಿ ಹತ್ತು ಡಜನ್ ಎಂದಾದರೆ 1,440ರ ಜಾಗದಲ್ಲಿ 120 ಬಂದು ನಿಲ್ಲುತ್ತದೆ. ಅದು ಕೊರತೆಯಲ್ಲ, ಆರ್ಡರಿನ ಗೊಂದಲ. ಅದಕ್ಕೆ ಬೇರೆಯೇ ಮಾತುಕತೆ ಬೇಕು. ತೂಕದ ಮೇಲೆ ಕೊಳ್ಳುವ ಸಡಿಲ ಸರಕಿನಲ್ಲಾದರೆ ಒಪ್ಪಂದದಲ್ಲಿ ಶೇಕಡಾ ಇಷ್ಟು ಹೆಚ್ಚುಕಮ್ಮಿ ಸರಿ ಎಂದು ಬರೆದಿದೆಯೇ ನೋಡಿಕೊಳ್ಳಿ.

3. ಕಾಗದಗಳನ್ನು ಒಂದರ ಪಕ್ಕ ಒಂದು ಇಟ್ಟು

ಈಗ ನಾಲ್ಕು ಕಾಗದ ಮೇಜಿನ ಮೇಲೆ ಬರಲಿ: ನಿಮ್ಮ ಪರ್ಚೇಸ್ ಆರ್ಡರ್, ಅವರ ಬಿಲ್, ಪ್ಯಾಕಿಂಗ್ ಲಿಸ್ಟ್ ಅಥವಾ ಡೆಲಿವರಿ ಚಲನ್, ಸಾಗಣೆ ರಸೀದಿ. ಐದನೆಯದು ನಿಮ್ಮ ಎಣಿಕೆ ಚೀಟಿ. ಅಂಕಿ ಎಲ್ಲಿ ಮುರಿಯುತ್ತದೆ ಎಂದು ಆರ್ಡರಿನಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿದು ನೋಡಿ.

ಆರ್ಡರ್ 1,500 ಇದ್ದು ಬಿಲ್ಲೇ 1,438ಕ್ಕೆ ಇದ್ದರೆ ಅಲ್ಲಿ ಕಳೆದುಹೋದದ್ದು ಏನೂ ಇಲ್ಲ. ಅವರ ಬಳಿ ಸ್ಟಾಕ್ ಇರಲಿಲ್ಲ, ಇದ್ದಷ್ಟು ಕಳಿಸಿ ಅಷ್ಟಕ್ಕೇ ಬಿಲ್ ಮಾಡಿದ್ದಾರೆ. ಕೇಳಬೇಕಾದ್ದು ‘ಬಾಕಿ 62 ಯಾವಾಗ ಬರುತ್ತದೆ’ ಎಂಬುದೊಂದೇ. ಅದಕ್ಕೆ ಅವರು ಹೊಸ ಬಿಲ್ ಮಾಡುವುದೂ ನ್ಯಾಯ. ಇಂಥಲ್ಲಿ ‘ಕಡಿಮೆ ಕಳಿಸಿದ್ದೀರಿ’ ಎಂದು ಏರುದನಿಯಲ್ಲಿ ಬರೆದರೆ ಮುಖ ಕೆಡುತ್ತದೆ, ಬೇರೇನೂ ಆಗುವುದಿಲ್ಲ.

ಬಿಲ್ 1,500ಕ್ಕೆ ಇದ್ದು ಪ್ಯಾಕಿಂಗ್ ಲಿಸ್ಟಿನಲ್ಲೇ 29 ಪೆಟ್ಟಿಗೆ ಎಂದಿದ್ದರೆ, ಇಲ್ಲವೇ ಸಾಗಣೆ ರಸೀದಿಯಲ್ಲಿ 29 ಎಂದಿದ್ದರೆ, ಒಂದು ಪೆಟ್ಟಿಗೆ ಅವರ ಗೋಡೌನಿನಿಂದ ಹೊರಟೇ ಇಲ್ಲ. ಅವರದೇ ಕಾಗದ ಅದನ್ನು ಹೇಳುವುದರಿಂದ ವಾದಕ್ಕೆ ಎಡೆಯಿಲ್ಲ. ರಸೀದಿಯಲ್ಲಿ 30 ಇದ್ದು ನಿಮಗೆ 29 ಸಿಕ್ಕಿದ್ದರೆ ಪೆಟ್ಟಿಗೆ ಸಾಗಣೆದಾರರ ವಶದಲ್ಲಿದ್ದಾಗ ಕೈತಪ್ಪಿದೆ. ಇನ್ನು ಪೆಟ್ಟಿಗೆಯೊಳಗಿನ 12ರ ಕೊರತೆಯನ್ನು ಈ ಯಾವ ಕಾಗದವೂ ತೋರಿಸುವುದಿಲ್ಲ. ಸಾಗಣೆದಾರರು ಪೆಟ್ಟಿಗೆ ಎಣಿಸುತ್ತಾರೆಯೇ ಹೊರತು ಬಲ್ಬ್ ಎಣಿಸುವುದಿಲ್ಲ. ಅದಕ್ಕೇ ತೂಕ, ಟೇಪ್, ಫೋಟೋ.

ನಮ್ಮ ಲೆಕ್ಕದಲ್ಲಿ ಆರ್ಡರ್, ಬಿಲ್, ಪ್ಯಾಕಿಂಗ್ ಲಿಸ್ಟ್, ರಸೀದಿ ನಾಲ್ಕೂ 30 ಪೆಟ್ಟಿಗೆ, 1,500 ಬಲ್ಬ್ ಎನ್ನುತ್ತವೆ. ಬಂದದ್ದು 29 ಪೆಟ್ಟಿಗೆ, 1,438 ಬಲ್ಬ್.

4. ಎಷ್ಟು ದಿನದೊಳಗೆ

ಅದೇ ದಿನ, ತಪ್ಪಿದರೆ ಮರುದಿನ. ಬಿಲ್ಲಿನ ಹಿಂಬದಿಯಲ್ಲೋ ಆರ್ಡರಿನ ಷರತ್ತುಗಳಲ್ಲೋ ‘ಕೊರತೆಯ ದೂರು ಇಷ್ಟು ದಿನದೊಳಗೆ’ ಎಂಬ ಸಾಲು ಇರುತ್ತದೆ, ಮೊದಲು ಅದನ್ನು ಓದಿ. ದೇಶದಿಂದ ದೇಶಕ್ಕೆ ಹೋಗುವ ಮಾಲಿಗೆ ಬೇರೆ ನಿಯಮಗಳೂ ಅನ್ವಯವಾಗಬಹುದು. ರಸ್ತೆ ಸಾಗಣೆಯ 1956ರ ಸಿಎಂಆರ್ ಒಪ್ಪಂದ ಅನ್ವಯಿಸುವಲ್ಲಿ ಕಣ್ಣಿಗೆ ಕಾಣುವ ಕೊರತೆಯನ್ನು ಮಾಲು ಪಡೆಯುವಾಗಲೇ ಹೇಳಬೇಕು, ಕಾಣದ್ದನ್ನು 7 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಭಾನುವಾರವನ್ನೂ ಸಾರ್ವಜನಿಕ ರಜೆಯನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಡಗಿನ ಸರಕಿಗೆ ಹೇಗ್-ವಿಸ್ಬಿ ನಿಯಮ ಅನ್ವಯಿಸಿದರೆ ಕಾಣದ ಕೊರತೆಗೆ 3 ದಿನ. ಈ ಎರಡೂ ಸಾಗಣೆದಾರರ ವಿಷಯದ್ದು. ಮಾರಿದವರ ವಿಷಯಕ್ಕೆ ಬಂದರೆ, 1980ರ ವಿಯೆನ್ನಾ ಒಪ್ಪಂದಕ್ಕೆ ಒಳಪಟ್ಟ ಮಾರಾಟಗಳಲ್ಲಿ ಕೊರತೆ ಗೊತ್ತಾದ ಮೇಲೆ, ಅಥವಾ ಗೊತ್ತಾಗಬೇಕಿದ್ದ ಹೊತ್ತಿನಿಂದ, ಸಮಂಜಸವಾದ ಅವಧಿಯೊಳಗೆ ತಿಳಿಸಬೇಕು. ಎಷ್ಟೇ ತಡವಾದರೂ 2 ವರ್ಷ ದಾಟಬಾರದು. 2 ವರ್ಷ ಎಂಬುದನ್ನು ನೋಡಿ ಯಾರೂ ಆರಾಮಾಗಿ ಕೂರಬೇಡಿ. ಮೂರು ವಾರ ಕಪಾಟಿನಲ್ಲಿದ್ದ ಪೆಟ್ಟಿಗೆಯಲ್ಲಿ 12 ಬಲ್ಬ್ ಕಡಿಮೆ ಎಂದರೆ, ನಿಮ್ಮ ಕೆಲಸದವರೇ ತೆಗೆದಿಲ್ಲ ಎಂದು ನಂಬಿಸುವುದು ಕಷ್ಟ.

5. ಪತ್ರ

ಮೊದಲು ಫೋನ್ ಮಾಡಿ ಹೇಳಿ, ಒಂದು ಗಂಟೆಯೊಳಗೆ ಇಮೇಲ್ ಕಳಿಸಿ. ವಾಟ್ಸಾಪಿನಲ್ಲಿ ಫೋಟೋ ಹಾಕುವುದು ಸರಿ, ಆದರೆ ದಾಖಲೆಯಾಗಿ ಉಳಿಯುವುದು ಇಮೇಲ್. ಮಾರಾಟದವರಿಗೆ ಕಳಿಸುವಾಗ ಅವರ ಗೋಡೌನ್ ಮತ್ತು ಲೆಕ್ಕಪತ್ರ ವಿಭಾಗಕ್ಕೂ ಪ್ರತಿ ಹೋಗಲಿ. ನಮ್ಮ ಲೆಕ್ಕಕ್ಕೆ ಪತ್ರ ಹೀಗಿರಬಹುದು:

> ವಿಷಯ: ಬಿಲ್ 2047, ಆರ್ಡರ್ 118: 62 ಬಲ್ಬ್ ಕಡಿಮೆ, ಬಾಕಿ ಕಳುಹಿಸಲು ಕೋರಿಕೆ
>
> ಮಾನ್ಯರೇ,
>
> ಮೇಲಿನ ಬಿಲ್ಲಿನ ಮಾಲು 14ನೇ ತಾರೀಕು ಬೆಳಿಗ್ಗೆ 11ಕ್ಕೆ ನಮಗೆ ತಲುಪಿತು. ಎಣಿಕೆಯಲ್ಲಿ ಕಂಡದ್ದು:
>
> | ಮಾಲು | ಬಿಲ್ಲಿನಂತೆ | ಬಂದದ್ದು | ಬಾಕಿ |
> |---|---|---|---|
> | 9 ವ್ಯಾಟ್, 6500 ಕೆಲ್ವಿನ್ | 1,000 | 950 | 50 |
> | 12 ವ್ಯಾಟ್, 6500 ಕೆಲ್ವಿನ್ | 500 | 488 | 12 |
>
> ಪೆಟ್ಟಿಗೆ 17/30 ಬಂದಿಲ್ಲ. ಚಾಲಕರ ಪ್ರತಿಯಲ್ಲಿ ಇದನ್ನು ಬರೆದು ಅವರ ಸಹಿ ಪಡೆದಿದ್ದೇವೆ. ಪೆಟ್ಟಿಗೆ 26/30ರಲ್ಲಿ 38 ಬಲ್ಬ್ ಇದ್ದವು. ಅದರ ತೂಕ ಲೇಬಲ್ಲಿನಂತೆ 5.5 ಕಿಲೋ ಇರಬೇಕಿದ್ದು 4.3 ಕಿಲೋ ಇತ್ತು, ಟೇಪ್ ಎರಡು ಪದರ ಇತ್ತು. ಸಹಿಯಾದ ಪ್ರತಿ, ಎಣಿಕೆ ಚೀಟಿ, ಫೋಟೋಗಳನ್ನು ಲಗತ್ತಿಸಿದ್ದೇವೆ.
>
> ಬಾಕಿ 62 ಬಲ್ಬ್‌ಗಳನ್ನು 22ನೇ ತಾರೀಕಿನೊಳಗೆ, ಸಾಗಣೆ ವೆಚ್ಚ ನಿಮ್ಮದಾಗಿ ಕಳುಹಿಸಿಕೊಡಿ. ಇವುಗಳಿಗೆ ಈಗಾಗಲೇ ಬಿಲ್ ಆಗಿರುವುದರಿಂದ ಮತ್ತೆ ಬಿಲ್ ಮಾಡದೆ, ಚಲನ್ ಮೇಲೆ ‘ಬಿಲ್ 2047ರ ಬಾಕಿ’ ಎಂದು ನಮೂದಿಸಿ. ಅಲ್ಲಿಯವರೆಗೆ 1,438 ಬಲ್ಬ್‌ಗಳ ಹಣವನ್ನು ಅವಧಿಗೆ ಸರಿಯಾಗಿ ಪಾವತಿಸಿ, 62ರ ಮೊತ್ತವನ್ನು ತಡೆಹಿಡಿಯುತ್ತೇವೆ.
>
> ಕಳುಹಿಸುವ ದಿನವನ್ನು ನಾಳೆ ಸಂಜೆಯೊಳಗೆ ತಿಳಿಸಿ. ಆ ದಿನದೊಳಗೆ ಕಳುಹಿಸಲು ಆಗದಿದ್ದರೆ ಬಾಕಿಯ ಬದಲು ಕ್ರೆಡಿಟ್ ನೋಟ್ ಕೊಡುವಿರಾ ಎಂಬುದನ್ನೂ ತಿಳಿಸಿ.

ಪತ್ರದಲ್ಲಿ ಯಾರು ಕದ್ದರು, ಯಾರ ತಪ್ಪು ಎಂಬ ಮಾತಿಲ್ಲ. ಬೇಕೆಂದೇ ಬಿಟ್ಟದ್ದು. ನಿಮಗೆ ಬೇಕಾದ್ದು ಬಲ್ಬ್. ತಪ್ಪು ಯಾರದೆಂಬ ಚರ್ಚೆಗೆ ಸಿಕ್ಕಿದರೆ ಬಾಕಿ ಹಿಂದೆ ಬೀಳುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಬರೆದದ್ದಕ್ಕೂ ಕಾರಣವಿದೆ: ಬಾಕಿ ಕಳಿಸುವವರು ಆತುರದಲ್ಲಿ ಕೈಗೆ ಸಿಕ್ಕ ಪೆಟ್ಟಿಗೆ ಎತ್ತಿ, ಬಿಳಿಯ ಜಾಗದಲ್ಲಿ ಹಳದಿ ಕಳಿಸುವುದುಂಟು. ‘ಆದಷ್ಟು ಬೇಗ’ ಎಂದು ಬರೆಯುವ ಬದಲು ತಾರೀಕು ಹಾಕಿ. ತಾರೀಕಿಲ್ಲದ ಕೋರಿಕೆಗೆ ಗಡುವು ಮೀರುವುದೆಂಬುದೇ ಇಲ್ಲ.

ಬಾಕಿ ಅಥವಾ ಕ್ರೆಡಿಟ್ ನೋಟ್, ಎರಡರಲ್ಲಿ ಒಂದು. ಕಡಿಮೆಯಾದದ್ದು ಬರೀ 12 ಆಗಿದ್ದರೆ ಅದನ್ನು ಕಳಿಸುವ ಸಾಗಣೆ ಖರ್ಚೇ ಬಲ್ಬಿನ ಬೆಲೆ ಮೀರಬಹುದು. ಆಗ ಮುಂದಿನ ಲೋಡಿನ ಜೊತೆ ಕಳಿಸಿ ಎನ್ನುವುದೋ ಕ್ರೆಡಿಟ್ ನೋಟ್ ಕೇಳುವುದೋ ವಿವೇಕ.

6. ನಿಮ್ಮ ಪುಸ್ತಕದಲ್ಲಿ

ಸರಕು ಸ್ವೀಕೃತಿಯಲ್ಲಿ 950 ಮತ್ತು 488 ಎಂದೇ ನಮೂದಿಸಿ. ‘ನಾಳೆ ಹೇಗೂ ಬರುತ್ತಲ್ಲ’ ಎಂದು 1,500 ಬರೆದರೆ ಆರ್ಡರ್ ತಾನಾಗಿ ಮುಚ್ಚಿಹೋಗುತ್ತದೆ, ಬಿಲ್ ಪೂರ್ತಿ ಹಣಕ್ಕೆ ಪಾಸಾಗುತ್ತದೆ, ಇಲ್ಲದ 62 ಬಲ್ಬ್ ಸ್ಟಾಕಿನಲ್ಲಿ ಕೂತಿರುತ್ತವೆ. ಆಮೇಲೆ ಮಾರಾಟದವರು ಅದನ್ನೂ ಯಾರಿಗೋ ಒಪ್ಪಿಕೊಂಡುಬಿಡುತ್ತಾರೆ. ಬಾಕಿಗಾಗಿ ಹೊಸ ಆರ್ಡರ್ ಹಾಕುವುದೂ ಬೇಡ, ಹಳೆಯ ಆರ್ಡರ್ 62ಕ್ಕೆ ತೆರೆದೇ ಇರಲಿ. ಹೊಸ ಆರ್ಡರ್ ಹೋದರೆ ಅವರು ಅದಕ್ಕೆ ಬೇರೆ ಬಿಲ್ ಮಾಡುತ್ತಾರೆ, ನೀವು ಒಂದೇ ಮಾಲಿಗೆ ಎರಡು ಸಲ ಹಣ ಕೊಟ್ಟಂತಾಗುತ್ತದೆ.

ಇಡೀ ಬಿಲ್ಲಿನ ಹಣ ತಡೆಹಿಡಿದರೆ ಬೇಗ ಬಗ್ಗುತ್ತಾರೆ ಎಂಬ ಲೆಕ್ಕಾಚಾರ ಕೆಲವರದು. ಅದರಿಂದ ಅವರ ಕೈಗೂ ಒಂದು ದೂರು ಸಿಗುತ್ತದೆ, ಅಷ್ಟೇ. ನಿಮ್ಮ ಕೊರತೆಯ ಮಾತು ಹಿಂದೆ ಸರಿದು ‘ಹಣ ಯಾವಾಗ’ ಎಂಬ ಮಾತು ಮುಂದೆ ಬರುತ್ತದೆ.

7. ‘ನಾವು ಪೂರ್ತಿ ಕಳಿಸಿದ್ದೇವೆ’ ಎಂದರೆ

ಆಗ ಒಂದೇ ಒಂದು ಸಂಗತಿ ಕೇಳಿ: ‘ನಿಮ್ಮ ಗೋಡೌನಿನಲ್ಲಿ 9 ವ್ಯಾಟಿನ ಸ್ಟಾಕ್ ಎಣಿಸಿ ನೋಡಿ.’ ಪೆಟ್ಟಿಗೆ ಲೋಡ್ ಆಗದೆ ಉಳಿದಿದ್ದರೆ ಅವರ ಪುಸ್ತಕದ ಲೆಕ್ಕಕ್ಕಿಂತ ಅಲ್ಲಿ ಸರಿಯಾಗಿ 50 ಹೆಚ್ಚಿರುತ್ತದೆ. ಅಲ್ಲಿನವರೇ ಎಣಿಸಿ ಕಂಡುಕೊಂಡದ್ದನ್ನು ಅವರು ಅಲ್ಲಗಳೆಯುವುದಿಲ್ಲ. ಹೆಚ್ಚಿಲ್ಲ ಎಂದಾದರೆ ಲೋಡ್ ಮಾಡಿದ ದಿನದ ತೂಕದ ಚೀಟಿ, ಸಾಗಣೆದಾರರು ಸಹಿ ಹಾಕಿದ ಪ್ರತಿ ಕಳಿಸಲು ಹೇಳಿ.

ಮುಂದಿನ ಮಾತು ಸಾಮಾನ್ಯವಾಗಿ ‘ಹಾಗಾದರೆ ಸಾಗಣೆದಾರರನ್ನೇ ಕೇಳಿ’ ಎಂದು ಬರುತ್ತದೆ. ಇದಕ್ಕೆ ಉತ್ತರ ಆರ್ಡರಿನ ಡೆಲಿವರಿ ಷರತ್ತಿನಲ್ಲಿದೆ. ಮಾಲನ್ನು ನಿಮ್ಮ ಜಾಗಕ್ಕೆ ತಲುಪಿಸುವ ಹೊಣೆ ಅವರದ್ದಾಗಿದ್ದರೆ ದಾರಿಯ ನಷ್ಟವೂ ಅವರದು. ಅವರು ನಿಮಗೆ ಬಾಕಿ ಕಳಿಸಿ, ಸಾಗಣೆದಾರರಿಂದ ತಾವು ವಸೂಲು ಮಾಡಿಕೊಳ್ಳಬೇಕು. ಅವರ ಗೋಡೌನಿನಿಂದ ಎತ್ತಿಕೊಳ್ಳುವ ಷರತ್ತಿಗೆ ನೀವು ಒಪ್ಪಿದ್ದು, ಗಾಡಿಯೂ ನೀವೇ ಗೊತ್ತುಮಾಡಿದ್ದಾದರೆ ದಾರಿಯ ನಷ್ಟ ನಿಮ್ಮ ತಲೆಗೆ, ಸಾಗಣೆದಾರರ ಮೇಲೋ ವಿಮೆಯ ಮೇಲೋ ಕ್ಲೇಮ್ ನೀವೇ ಹಾಕಬೇಕು. ಆಗ ಸರಬರಾಜುದಾರರಿಂದ ಉಚಿತ ಬಾಕಿ ಕೇಳುವುದು ನ್ಯಾಯವಲ್ಲ, 62 ಬಲ್ಬನ್ನು ಹೊಸದಾಗಿ ಕೊಳ್ಳಬೇಕು. ಯಾವ ಷರತ್ತೇ ಇರಲಿ, ಸಾಗಣೆದಾರರಿಗೆ ಒಂದು ಲಿಖಿತ ನೋಟಿಸ್ ಅದೇ ದಿನ ಹೋಗಿರಲಿ. ಹೊಣೆ ಯಾರದೆಂದು ತೀರ್ಮಾನವಾಗುವ ಹೊತ್ತಿಗೆ ಗಡುವು ಮುಗಿದಿರಬಾರದು.

ಉತ್ತರವೇ ಬರದಿದ್ದರೆ ಮರುದಿನ ಫೋನ್ ಮಾಡಿ, ಫೋನಿನಲ್ಲಿ ಅವರು ಏನು ಒಪ್ಪಿದರು ಎಂಬುದನ್ನು ಅದೇ ಇಮೇಲಿಗೆ ಉತ್ತರವಾಗಿ ಎರಡು ಸಾಲು ಬರೆದು ಹಾಕಿ. ಪ್ರತಿ ಸಲವೂ ಹೊಸ ಇಮೇಲ್ ಶುರುಮಾಡಿದರೆ ದಾಖಲೆ ಚೂರುಚೂರಾಗುತ್ತದೆ.

8. ಬಾಕಿ ಬಂದ ದಿನ

ಬಾಕಿಯ ಪೆಟ್ಟಿಗೆಯನ್ನೂ ಅದೇ ಕಟ್ಟುನಿಟ್ಟಿನಿಂದ ಎಣಿಸಿ, ಮಾಡೆಲ್ ನೋಡಿ. ಚಲನ್ ಮೇಲೆ ‘ಬಿಲ್ 2047ರ ಬಾಕಿ’ ಎಂದಿದೆಯೇ, ಜೊತೆಗೆ ಹೊಸ ಬಿಲ್ ಬಂದಿದೆಯೇ ಗಮನಿಸಿ. ಬಂದಿದ್ದರೆ ಅದನ್ನು ರದ್ದುಮಾಡಲು ಆ ದಿನವೇ ಬರೆಯಿರಿ. ಹಳೆಯ ಆರ್ಡರಿಗೆ 50 ಮತ್ತು 12 ಸೇರಿಸಿ ಮುಚ್ಚಿ, ತಡೆಹಿಡಿದ ಹಣ ಬಿಡುಗಡೆ ಮಾಡಿ, ‘ಬಾಕಿ 62 ತಲುಪಿತು, ಲೆಕ್ಕ ಸರಿಯಾಯಿತು’ ಎಂದು ಅದೇ ಇಮೇಲ್ ಸರಣಿಯಲ್ಲಿ ತಿಳಿಸಿ. ಬಾಕಿ ಬರುವುದು ತಡವೆಂದು ನಡುವೆ ಕ್ರೆಡಿಟ್ ನೋಟ್ ಪಡೆದಿದ್ದರೆ ಅದನ್ನು ಹಿಂದಿರುಗಿಸಬೇಕು.

ಕೆಲವೊಮ್ಮೆ ಬಾಕಿ ಬಂದು ವ್ಯವಹಾರ ಮುಗಿದ ಮೇಲೆ ಸಾಗಣೆದಾರರ ಯಾವುದೋ ಮೂಲೆಯಲ್ಲಿದ್ದ 17/30 ನಿಮ್ಮ ಬಾಗಿಲಿಗೆ ಬಂದು ಇಳಿಯುತ್ತದೆ. ಅದನ್ನು ತೆರೆಯದೆ ಪಕ್ಕಕ್ಕಿಟ್ಟು, ತೂಕ ಬರೆದುಕೊಂಡು, ಸರಬರಾಜುದಾರರಿಗೆ ತಿಳಿಸಿ. ವಾಪಸ್ ತರಿಸಿಕೊಳ್ಳುತ್ತಾರೋ, ನಿಮಗೆ ಬೇಕಿದ್ದರೆ 50ಕ್ಕೆ ಬಿಲ್ ಮಾಡುತ್ತಾರೋ ಎಂಬ ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಅದು ನಿಮ್ಮ ಸ್ಟಾಕ್ ಅಲ್ಲ.